ಸಮನ್ಸ್ ಅಸಲಿಯೋ ನಕಲಿಯೋ?

‘ನಾಳೆಯೊಳಗೆ ಹಣ ಕಟ್ಟಿ, ಇಲ್ಲವೇ ವಾರಂಟ್’ ಎನ್ನುವ ಸಮನ್ಸ್ ಇಮೇಲ್‌ನಲ್ಲಿ ಬಂತು ಅನ್ನಿ. ಲಾಂಛನ, ಮೊಹರು ನಂಬಬೇಡಿ. ಅವನ್ನು ಯಾರು ಬೇಕಾದರೂ ಅಂಟಿಸಬಹುದು. ನೋಡಬೇಕಾದ್ದು 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ. ಕರ್ನಾಟಕದ್ದಾದರೆ ಅದು KA ಎಂದು ಶುರುವಾಗುತ್ತದೆ. ಪತ್ರದಲ್ಲಿರುವ ಲಿಂಕ್ ಒತ್ತದೆ, services.ecourts.gov.in ಎಂದು ನೀವೇ ಟೈಪ್ ಮಾಡಿ, ಆ ಸಂಖ್ಯೆ ಹಾಕಿ.

ಪ್ರಕರಣ ತೆರೆದುಕೊಂಡಿತೆಂದು ಅಷ್ಟಕ್ಕೇ ಬಿಡಬೇಡಿ. ವಂಚಕರು ಬೇರೆಯವರ ಅಸಲಿ ಸಂಖ್ಯೆಯನ್ನೇ ಕದ್ದಿರಬಹುದು. ಪಕ್ಷಗಾರರಲ್ಲಿ ನಿಮ್ಮ ಹೆಸರಿದೆಯೇ, ಮುಂದಿನ ದಿನಾಂಕ ಸಮನ್ಸಿನಲ್ಲಿರುವುದೇ ಎಂದು ತಾಳೆ ನೋಡಿ. ಸಂಖ್ಯೆ ಇಲ್ಲದಿದ್ದರೆ, ಏನೂ ಸಿಗದಿದ್ದರೆ ಪತ್ರವನ್ನು ಕಸದಬುಟ್ಟಿಗೆ ಎಸೆಯಬೇಡಿ. ಆ ನ್ಯಾಯಾಲಯದ ಕಚೇರಿಯಲ್ಲೇ ವಿಚಾರಿಸಿ. ವಕೀಲರ ನೋಟಿಸ್ ಬೇರೆ ಮಾತು, ಮೊಕದ್ದಮೆ ಹೂಡುವ ಮೊದಲೂ ಅದು ಬರಬಹುದು.