ಬೆಳಗಿದ ಮೂಳೆ, ಕಪ್ಪಾದ ಮೂಳೆ

ನಾನು ರೇಡಿಯಾಲಜಿಸ್ಟ್. ಸಕ್ಕರೆ ಕಾಯಿಲೆಯವರ ಪಾದದ ಎಂಆರ್‌ಐ ಚಿತ್ರಗಳನ್ನು ನೋಡಿ ವರದಿ ಬರೆಯುವುದು ನನ್ನ ದಿನನಿತ್ಯದ ಕೆಲಸ. ಇಲ್ಲಿ ಹೇಳುವ ಪಾದ ಯಾರೊಬ್ಬರದೂ ಅಲ್ಲ, ನಾನು ಕಂಡ ಹಲವರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದೇನೆ.

ದಾವಣಗೆರೆ ಕಡೆಯ ರೈತರು, ವಯಸ್ಸು 58. ಸಕ್ಕರೆ ಕಾಯಿಲೆ ಬಂದು 14 ವರ್ಷ ಆಗಿದೆ. ಬಲಗಾಲಿನ ಕಿರುಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಮೊದಲು ಕಾಲಾಣಿ ಎದ್ದಿತ್ತು. ಅದರ ಅಡಿಯಲ್ಲಿ ಹುಣ್ಣಾಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ, ಪಾದಕ್ಕೆ ಸ್ಪರ್ಶಜ್ಞಾನ ಹೋಗಿ ಬಹಳ ದಿನವಾಗಿತ್ತು. ಚಪ್ಪಲಿಯಲ್ಲಿ ರಕ್ತದ ಕಲೆ ಕಂಡು ಮಗ ಆಸ್ಪತ್ರೆಗೆ ಕರೆತಂದ. ಅಷ್ಟರಲ್ಲಿ ಪಾದದ ಮೇಲ್ಭಾಗವೆಲ್ಲ ಬಾತುಕೊಂಡು ಕೆಂಪಾಗಿತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಅದರಲ್ಲಿ ಅಚ್ಚರಿಯಿಲ್ಲ, ಮೂಳೆಗೆ ಸೋಂಕು ತಗುಲಿದರೂ ಎಕ್ಸ್‌ರೇಯಲ್ಲಿ ಅದು ಕಾಣಿಸಿಕೊಳ್ಳಲು ಎರಡು ಮೂರು ವಾರ ಬೇಕು. ಹಾಗಾಗಿ ಎಂಆರ್‌ಐ ಬರೆದುಕೊಟ್ಟರು. ಮಗನಿಗೆ ಇದ್ದದ್ದು ಒಂದೇ ಪ್ರಶ್ನೆ: "ಸರ್, ಎಲುಬಿಗೆ ಹತ್ತೈತಾ?"

ಉತ್ತರ ಸಿಗುವುದು ಮೂಳೆಯೊಳಗಿನ ಕೊಬ್ಬಿನಲ್ಲಿ. ದೊಡ್ಡವರ ಪಾದದ ಮೂಳೆಗಳ ಮಜ್ಜೆ ಹೆಚ್ಚಾಗಿ ಹಳದಿ ಕೊಬ್ಬು, ಡಬ್ಬಿಯಲ್ಲಿ ತುಂಬಿಟ್ಟ ಬೆಣ್ಣೆಯ ಹಾಗೆ. ಎಂಆರ್‌ಐಯಲ್ಲಿ ಅದೇ ಪಾದವನ್ನು ಬೇರೆ ಬೇರೆ ರೀತಿಯಲ್ಲಿ ಚಿತ್ರ ತೆಗೆಯುತ್ತೇವೆ. ಟಿ1 ಎಂಬ ಬಗೆಯಲ್ಲಿ ಕೊಬ್ಬು ಬೆಳ್ಳಗೆ ಕಾಣುತ್ತದೆ, ನೀರು ಕಪ್ಪಗೆ. ಸ್ಟಿರ್ ಎಂಬ ಬಗೆಯಲ್ಲಿ ಕೊಬ್ಬನ್ನು ಅಳಿಸಿ ನೀರನ್ನು ಮಾತ್ರ ಬೆಳಗಿಸುತ್ತೇವೆ. ಎಲ್ಲಿ ಬಾವು ಇದೆಯೋ ಅಲ್ಲಿ ನೀರಿನಂಶ ಹೆಚ್ಚು, ಹಾಗಾಗಿ ಸ್ಟಿರ್‌ನಲ್ಲಿ ಆ ಜಾಗ ದೀಪ ಹಚ್ಚಿದಂತೆ ಎದ್ದು ಕಾಣುತ್ತದೆ.

ಈ ರೈತರ ಸ್ಟಿರ್ ಚಿತ್ರದಲ್ಲಿ ಎರಡು ಮೂಳೆಗಳು ಬೆಳಗುತ್ತಿದ್ದವು. ಹುಣ್ಣಿನ ನೇರ ಮೇಲಿದ್ದ ಐದನೇ ಮೆಟಾಟಾರ್ಸಲ್, ಅಂದರೆ ಕಿರುಬೆರಳಿನ ಬುಡದಿಂದ ಪಾದದ ನಡುವಿಗೆ ಹೋಗುವ ಉದ್ದನೆಯ ಮೂಳೆ, ಮತ್ತು ಅದರ ಪಕ್ಕದ ನಾಲ್ಕನೆಯದು. ಇಷ್ಟನ್ನೇ ನೋಡಿ ಎರಡಕ್ಕೂ ಸೋಂಕು ಎಂದು ಬರೆದರೆ ಒಂದು ಬೆರಳು ಹೋಗಬೇಕಾದಲ್ಲಿ ಎರಡು ಹೋಗಬಹುದು. ಪಾದದ ಎಂಆರ್‌ಐಯಲ್ಲಿ ಆಗುವ ದೊಡ್ಡ ತಪ್ಪು ಇದೇ. ಈ ಪರೀಕ್ಷೆ ಮೂಳೆ ಸೋಂಕನ್ನು ಕೈತಪ್ಪಿ ಬಿಡುವುದು ಅಪರೂಪ, ಆದರೆ ಇಲ್ಲದ ಸೋಂಕನ್ನು ಇದೆ ಎಂದು ತೋರಿಸುವ ಗುಣ ಇದಕ್ಕಿದೆ. ಪಕ್ಕದಲ್ಲಿ ಸೋಂಕಿದ್ದರೆ ಸಾಕು, ಆರೋಗ್ಯವಾಗಿರುವ ಮೂಳೆಯ ಮಜ್ಜೆಯಲ್ಲೂ ನೀರು ತುಂಬಿಕೊಳ್ಳುತ್ತದೆ. ಅದನ್ನು ವರದಿಯಲ್ಲಿ 'ರಿಯಾಕ್ಟಿವ್ ಮ್ಯಾರೋ ಎಡಿಮಾ' ಎನ್ನುತ್ತೇವೆ. ನೆರೆಮನೆಯ ಬೆಂಕಿಗೆ ನಮ್ಮ ಗೋಡೆ ಬಿಸಿಯಾಗುವುದೇ ಹೊರತು ಉರಿಯುವುದಿಲ್ಲವಲ್ಲ, ಹಾಗೆ.

ಇವೆರಡನ್ನು ಬೇರ್ಪಡಿಸಲು ಟಿ1 ಚಿತ್ರಕ್ಕೆ ಮರಳಬೇಕು. ಬೆಣ್ಣೆಗೆ ನೀರು ಸೇರಿದರೂ ಬೆಣ್ಣೆ ಅಲ್ಲೇ ಇರುತ್ತದೆ. ನಾಲ್ಕನೇ ಮೂಳೆ ಟಿ1ನಲ್ಲಿ ಬೆಳ್ಳಗೇ ಇತ್ತು, ಅಲ್ಲಲ್ಲಿ ತೆಳು ಮಬ್ಬು ಬಿಟ್ಟರೆ ಕೊಬ್ಬು ಉಳಿದಿತ್ತು. ಐದನೆಯದರಲ್ಲಿ ಹಾಗಲ್ಲ. ಅದರ ತಲೆಭಾಗದ ಬಿಳುಪು ಪೂರ್ತಿ ಹೋಗಿ, ಮಜ್ಜೆಯ ನಡುವೆ ಒಂದೇ ಗುಡ್ಡೆಯಾಗಿ, ಅಂಚು ಸ್ಪಷ್ಟವಾಗಿ ಕಪ್ಪು ಹರಡಿತ್ತು. ಕೊಬ್ಬಿನ ಜಾಗವನ್ನು ಕೀವು ಮತ್ತು ಉರಿಯೂತದ ಕೋಶಗಳು ಆಕ್ರಮಿಸಿದ್ದವು. ಮೂಳೆಯ ಹೊರಗವಚ ಒಂದು ಕಡೆ ಕೊರೆದಂತಾಗಿತ್ತು. ಹುಣ್ಣಿನ ಬಾಯಿಂದ ಹೊರಟ ಸಣ್ಣ ಸುರಂಗವೊಂದು ಅದೇ ಜಾಗಕ್ಕೆ ಬಂದು ಮುಟ್ಟಿತ್ತು. ಮಧುಮೇಹಿಗಳ ಪಾದದಲ್ಲಿ ಮೂಳೆ ಸೋಂಕು ಹೆಚ್ಚುಕಡಿಮೆ ಯಾವಾಗಲೂ ಹೀಗೆ ಹುಣ್ಣಿನಿಂದಲೇ ಒಳಗಿಳಿಯುತ್ತದೆ, ರಕ್ತದ ಮೂಲಕ ಬರುವುದು ತೀರ ವಿರಳ. ಅದಕ್ಕೇ ನಾನು ಮೊದಲು ಹುಣ್ಣನ್ನು ಹುಡುಕುತ್ತೇನೆ, ಅಲ್ಲಿಂದ ಒಳಗಿನ ಮೂಳೆಗೆ ದಾರಿ ಹಿಡಿಯುತ್ತೇನೆ. ಹುಣ್ಣಿಗೆ ಸಂಬಂಧವೇ ಇಲ್ಲದ ದೂರದ ಮೂಳೆ ಬೆಳಗಿದರೆ ಸೋಂಕು ಎನ್ನುವ ಮೊದಲು ಬೇರೆ ಕಾರಣ ಹುಡುಕಬೇಕು.

ಇನ್ನು ಪಾದದ ಮೇಲಿನ ಬಾವು. ಸಕ್ಕರೆ ಕಾಯಿಲೆಯವರಲ್ಲಿ ಸೋಂಕಿಲ್ಲದೆಯೂ ಚರ್ಮದಡಿ ನೀರು ತುಂಬಿಕೊಳ್ಳುವುದು ಸಾಮಾನ್ಯ. ಅಲ್ಲೂ ಸ್ಟಿರ್ ಬೆಳಗುತ್ತದೆ, ಆದರೆ ಟಿ1ನಲ್ಲಿ ಚರ್ಮದಡಿಯ ಕೊಬ್ಬು ಬಲೆಯಂಥ ಗೆರೆಗಳ ನಡುವೆ ಉಳಿದಿರುತ್ತದೆ. ಹುಣ್ಣಿನ ಸುತ್ತ ಆ ಕೊಬ್ಬು ಅಳಿಸಿಹೋಗಿ ಕಪ್ಪಾಗಿದ್ದರೆ, ಗ್ಯಾಡೊಲಿನಿಯಂ ಇಂಜೆಕ್ಷನ್ ಕೊಟ್ಟಾಗ ಅದು ಬೆಳಗಿದರೆ, ಅದು ಸೆಲ್ಯುಲೈಟಿಸ್, ಅಂದರೆ ಮೆದು ಭಾಗದ ಸೋಂಕು. ಅಂಚು ಮಾತ್ರ ಉಂಗುರದಂತೆ ಬೆಳಗಿ ನಡುಭಾಗ ಕಪ್ಪಾಗಿಯೇ ಉಳಿದರೆ ಒಳಗೆ ಕೀವು ಕಟ್ಟಿದೆ, ಅದನ್ನು ಹೊರತೆಗೆಯಲೇಬೇಕು. ಮೂಳೆಯ ಸೋಂಕನ್ನು ಕಂಡುಹಿಡಿಯಲು ಈ ಇಂಜೆಕ್ಷನ್ ಅನಿವಾರ್ಯವಲ್ಲ. ಮೂತ್ರಪಿಂಡ ಬಹಳ ದುರ್ಬಲವಾಗಿರುವ ಮಧುಮೇಹಿಗಳಿಗೆ ಅದನ್ನು ಕೊಡುವ ಮುನ್ನ ಯೋಚಿಸಲೇಬೇಕು. ನಮ್ಮ ರೈತರ ಪಾದದ ಮೇಲ್ಭಾಗದಲ್ಲಿ ಇದ್ದದ್ದು ಬರೀ ನೀರು, ಹುಣ್ಣಿನ ಸುತ್ತ ಎರಡು ಬೆರಳಗಲ ಮಾತ್ರ ಸೆಲ್ಯುಲೈಟಿಸ್. ಕೀವಿನ ಗಂಟು ಇರಲಿಲ್ಲ.

ಈ ವ್ಯತ್ಯಾಸ ಚಿಕಿತ್ಸೆಯ ಲೆಕ್ಕವನ್ನೇ ಬದಲಿಸುತ್ತದೆ. ಮೆದು ಭಾಗದ ಸೋಂಕಿಗೆ ಸಾಮಾನ್ಯವಾಗಿ ಒಂದೆರಡು ವಾರ ಆ್ಯಂಟಿಬಯಾಟಿಕ್ ಸಾಕು. ಮೂಳೆಗೆ ಇಳಿದಿದ್ದರೆ, ಅದನ್ನು ಕತ್ತರಿಸಿ ತೆಗೆಯದೆ ಔಷಧದಿಂದಲೇ ಗುಣಪಡಿಸಲು ಸುಮಾರು ಆರು ವಾರ ಬೇಕು. ಇಲ್ಲಿ ಶಸ್ತ್ರಚಿಕಿತ್ಸಕರು ಐದನೇ ಮೂಳೆಯ ತಲೆಭಾಗವನ್ನಷ್ಟೇ ತೆಗೆದು, ಅದರ ತುಣುಕನ್ನು ಪರೀಕ್ಷೆಗೆ ಕಳಿಸಿದರು. ಬ್ಯಾಕ್ಟೀರಿಯಾ ಬೆಳೆದು ಸೋಂಕು ಖಚಿತವಾಯಿತು. ನಾಲ್ಕನೆಯದನ್ನು ಮುಟ್ಟಲಿಲ್ಲ.

ಎಲ್ಲ ಪಾದಗಳೂ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. ಟಿ1ನಲ್ಲಿ ಅರ್ಧ ಮಬ್ಬಾದ ಮೂಳೆಯೂ ಇರುತ್ತದೆ. ಅಂಥಲ್ಲಿ 'ಆರಂಭದ ಆಸ್ಟಿಯೋಮೈಲೈಟಿಸ್ ಇದ್ದರೂ ಇರಬಹುದು' ಎಂದು ಬರೆಯುವುದೇ ಪ್ರಾಮಾಣಿಕತೆ. ರೋಗಿಯ ಮನೆಯವರಿಗೆ ಅದು ಜಾರಿಕೆಯ ಮಾತಿನಂತೆ ಕೇಳಬಹುದು, ಆದರೆ ಮೂಳೆಯ ತುಣುಕು ತೆಗೆದು ಪರೀಕ್ಷಿಸಿ ಎಂದು ವೈದ್ಯರಿಗೆ ಕೊಡುವ ಸೂಚನೆ ಅದು. ಶಾರ್ಕೋ ಪಾದ ಇನ್ನೂ ಕಷ್ಟ. ನರ ಸತ್ತ ಪಾದದ ನಡುಭಾಗದ ಕೀಲುಗಳು ಕುಸಿದು ಹಲವು ಮೂಳೆಗಳು ಒಟ್ಟಿಗೆ ಬೆಳಗುತ್ತವೆ, ಸೋಂಕು ಒಂದಿಷ್ಟೂ ಇಲ್ಲದೆ. ಮೇಲೆ ಹುಣ್ಣಿಲ್ಲ, ಚರ್ಮ ಹರಿದಿಲ್ಲ ಎಂದಾದರೆ ಸಂಶಯ ಶಾರ್ಕೋ ಕಡೆಗೇ ವಾಲುತ್ತದೆ.

ಹಾಗಾಗಿಯೇ ಹುಣ್ಣು ಎಲ್ಲಿದೆ ಎಂಬುದು ನನಗೆ ಗೊತ್ತಾಗಬೇಕು. ಡ್ರೆಸಿಂಗ್ ಸುತ್ತಿದ ಪಾದ ಯಂತ್ರದೊಳಗೆ ಹೋದಾಗ ಚಿಕ್ಕ ಹುಣ್ಣು ಕಣ್ಣಿಗೆ ಬೀಳದೇ ಹೋಗಬಹುದು. ಕೆಲವು ಕೇಂದ್ರಗಳಲ್ಲಿ ತಂತ್ರಜ್ಞರು ಹುಣ್ಣಿನ ಪಕ್ಕ ಒಂದು ಮೀನೆಣ್ಣೆ ಕ್ಯಾಪ್ಸೂಲನ್ನು ಪ್ಲಾಸ್ಟರಿನಿಂದ ಅಂಟಿಸುತ್ತಾರೆ. ಟಿ1ನಲ್ಲಿ ಅದು ಬೆಳ್ಳಗಿನ ಗುಳಿಗೆಯಾಗಿ ಕಂಡು 'ಇಲ್ಲಿ ನೋಡಿ' ಎನ್ನುತ್ತದೆ. ಸ್ಕ್ಯಾನಿಗೆ ಹೋಗುವಾಗ ಹಳೆಯ ಎಕ್ಸ್‌ರೇಗಳನ್ನೂ ಹಿಂದಿನ ಶಸ್ತ್ರಚಿಕಿತ್ಸೆಯ ಕಾಗದಗಳನ್ನೂ ಒಯ್ಯಿರಿ. ಏಕೆಂದರೆ ಶಸ್ತ್ರಚಿಕಿತ್ಸೆಯಾದ ಮೂಳೆ ಕೂಡ ತಿಂಗಳುಗಟ್ಟಲೆ ಬೆಳಗುತ್ತಿರುತ್ತದೆ. ಮತ್ತು ಒಳಗೆ ಮಲಗುವ ಮುನ್ನ, ಹುಣ್ಣು ಯಾವ ಬೆರಳಿನ ಕೆಳಗಿದೆ, ಎಷ್ಟು ದಿನದಿಂದ ಇದೆ ಎಂದು ತಂತ್ರಜ್ಞರಿಗೆ ಬೆರಳಿಟ್ಟು ತೋರಿಸಿ.