ತಿಂಗಳ ಕೊನೆಯ ಬ್ಯಾಂಕ್ ತಾಳೆ: ಬಾಕಿ ಬಾಬ್ತುಗಳ ಪರಿಶೀಲನೆ

ಗ್ರಾಮ ಪಂಚಾಯಿತಿಯ ನಗದು ಪುಸ್ತಕದಲ್ಲಿರುವ ಬ್ಯಾಂಕ್ ಶಿಲ್ಕು ಹಾಗೂ ಬ್ಯಾಂಕಿನ ವಿವರಪಟ್ಟಿಯ ಶಿಲ್ಕು ತಿಂಗಳ ಕೊನೆಯ ದಿನ ಒಂದೇ ಆಗಿರುವುದು ವಿರಳ. ವ್ಯತ್ಯಾಸವಿರುವುದು ಲೋಪವಲ್ಲ, ಆ ವ್ಯತ್ಯಾಸ ಯಾವ ಬಾಬ್ತುಗಳಿಂದ ಉಂಟಾಯಿತೆಂದು ತೋರಿಸಲಾಗದಿರುವುದು ಲೋಪ.

ಉದಾಹರಣೆಗೆ, ಸೆಪ್ಟೆಂಬರ್ 30ರಂದು ಒಂದು ಪಂಚಾಯಿತಿಯ ಪುಸ್ತಕದ ಶಿಲ್ಕು ರೂ. 2,84,650, ಬ್ಯಾಂಕಿನ ಶಿಲ್ಕು ರೂ. 3,06,300 ಇದೆಯೆಂದು ಭಾವಿಸೋಣ. ವ್ಯತ್ಯಾಸ ರೂ. 21,650. ಎರಡೂ ಕಡೆಯ ನಮೂದುಗಳನ್ನು ಒಂದೊಂದಾಗಿ ಗುರುತು ಹಾಕುತ್ತ ಬಂದಾಗ ಐದು ಬಾಬ್ತುಗಳು ಉಳಿಯುತ್ತವೆ.

ಇವುಗಳಲ್ಲಿ ಮೂರು ಬ್ಯಾಂಕಿನಲ್ಲಿವೆ, ಪುಸ್ತಕದಲ್ಲಿಲ್ಲ: ಉಳಿತಾಯ ಖಾತೆಯ ಬಡ್ಡಿ ರೂ. 2,140, ಬ್ಯಾಂಕ್ ಶುಲ್ಕ ರೂ. 118, ಹಾಗೂ ಆನ್‌ಲೈನ್ ಮೂಲಕ ನೇರವಾಗಿ ಜಮೆಯಾದ ರೂ. 7,328. ಇವನ್ನು ಪಟ್ಟಿಯಲ್ಲಿ ತೋರಿಸಿದರೆ ಸಾಲದು, ಪುಸ್ತಕಕ್ಕೆ ತೆಗೆದುಕೊಳ್ಳಬೇಕು. ನೇರ ಜಮೆಯನ್ನು ಪಾವತಿಸಿದವರು ಯಾರೆಂಬುದನ್ನು ಬ್ಯಾಂಕಿನಿಂದ ವಹಿವಾಟು ಸಂಖ್ಯೆಯ ಸಹಿತ ಪಡೆಯಬೇಕು. ಅದು ಯಾರದೋ ಮನೆ ಕಂದಾಯವಾಗಿದ್ದು ‘ಇತರೆ ಜಮೆ’ ಎಂದು ಬರೆದರೆ, ಹಣ ಕಟ್ಟಿದ ಕುಟುಂಬದ ಹೆಸರಿನಲ್ಲಿ ಬಾಕಿ ಹಾಗೆಯೇ ಮುಂದುವರಿಯುತ್ತದೆ.

ಉಳಿದ ಎರಡು ಪುಸ್ತಕದಲ್ಲಿವೆ, ಬ್ಯಾಂಕಿನಲ್ಲಿಲ್ಲ. ಪಂಪ್‌ಸೆಟ್ ದುರಸ್ತಿಗೆ 27ರಂದು ನೀಡಿದ ರೂ. 18,500ರ ಚೆಕ್ಕನ್ನು ಪಡೆದವರು ಇನ್ನೂ ಹಾಜರುಪಡಿಸಿಲ್ಲ. ಇದಕ್ಕೆ ಕಾಯಬಹುದು, ಆದರೆ ಚೆಕ್ಕಿನ ದಿನಾಂಕದಿಂದ ಮೂರು ತಿಂಗಳು ಕಳೆದರೆ ಅದು ಊರ್ಜಿತವಲ್ಲ, ಆ ಮೊತ್ತವನ್ನು ಪುಸ್ತಕದಲ್ಲಿ ಮರಳಿ ಜಮೆ ತೋರಿಸಿ, ಕೊಡಬೇಕಾದ ಬಾಕಿಯೆಂದು ಇಟ್ಟುಕೊಳ್ಳಬೇಕು.

ಕೊನೆಯದು, ವಸೂಲಾದ ನೀರಿನ ಕರ ರೂ. 6,200. ಪುಸ್ತಕದಲ್ಲಿ 29ರಂದು ಬ್ಯಾಂಕಿಗೆ ಕಟ್ಟಿದೆಯೆಂದಿದೆ. ಇದನ್ನೂ ಸೇರಿಸಿದರೆ ಲೆಕ್ಕ ಸರಿಹೊಂದುತ್ತದೆ: ಪುಸ್ತಕದ ಕಡೆ ಬಡ್ಡಿ ಮತ್ತು ನೇರ ಜಮೆಯನ್ನು ಕೂಡಿ ಶುಲ್ಕವನ್ನು ಕಳೆದರೆ ರೂ. 2,94,000, ಬ್ಯಾಂಕಿನ ಕಡೆ ಚೆಕ್ಕನ್ನು ಕಳೆದು ಕರವನ್ನು ಕೂಡಿದರೂ ರೂ. 2,94,000. ಸಾಮಾನ್ಯವಾಗಿ ಪರಿಶೀಲನೆ ಇಲ್ಲಿಗೇ ನಿಲ್ಲುತ್ತದೆ. ನಿಲ್ಲಬಾರದು.

ಕರವು ಚೆಕ್ಕಿನ ರೂಪದಲ್ಲಿ ಬಂದಿದ್ದರೆ ಜಮೆಯಾಗಲು ಕೆಲವು ದಿನ ಹಿಡಿಯಬಹುದು. ಆದರೆ ಶಾಖೆಯಲ್ಲಿ ಕಟ್ಟಿದ ನಗದು ಸಾಮಾನ್ಯವಾಗಿ ಅದೇ ದಿನ ಖಾತೆಯಲ್ಲಿ ಕಾಣಿಸುತ್ತದೆ. ಆದುದರಿಂದ ನಗದು ಜಮೆ ‘ಬಾಕಿ’ ಎಂದು ಪಟ್ಟಿಯಲ್ಲಿದ್ದರೆ ಸದಸ್ಯರು ಚಲನ್ನಿನ ಪ್ರತಿಯನ್ನು ತರಿಸಿ ಬ್ಯಾಂಕಿನ ಮೊಹರಿನ ದಿನಾಂಕವನ್ನು ನೋಡಬೇಕು. ಈ ಉದಾಹರಣೆಯಲ್ಲಿ ಮೊಹರು ಅಕ್ಟೋಬರ್ 4ರದು. ಅಂದರೆ ತಿಂಗಳ ಕೊನೆಗೆ ಆ ಹಣ ಬ್ಯಾಂಕಿನಲ್ಲಿರಲಿಲ್ಲ. ವಸೂಲಿ ಮಾಡಿದವರ ಬಳಿಯೋ ಕಚೇರಿಯಲ್ಲೋ ಇತ್ತು. ಸರಿಯಾದ ಬ್ಯಾಂಕ್ ಶಿಲ್ಕು ಎರಡೂ ಕಡೆ ರೂ. 2,87,800, ರೂ. 6,200 ಕೈಯಲ್ಲಿರುವ ನಗದು. ಅದು ಐದು ದಿನ ಎಲ್ಲಿತ್ತೆಂಬುದಕ್ಕೆ ಲಿಖಿತ ವಿವರಣೆ ಪಡೆಯಬೇಕು.

ಮುಂದಿನ ತಿಂಗಳ ತಾಳೆ ಪಟ್ಟಿ ಬಂದಾಗ ಹಿಂದಿನದನ್ನು ಪಕ್ಕದಲ್ಲಿಟ್ಟುಕೊಂಡು, ಪ್ರತಿ ಬಾಕಿ ಬಾಬ್ತು ಯಾವ ದಿನಾಂಕದಂದು ತೀರಿತೆಂಬುದನ್ನು ಅದರೆದುರು ಬರೆಯಿಸಬೇಕು.