ಹಳೆಯ ಸಹೋದ್ಯೋಗಿಗೊಂದು ಶಿಫಾರಸು ಪತ್ರ, ಇಂಗ್ಲಿಷಿನಲ್ಲಿ

ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಹಾಲು ಪರೀಕ್ಷಕಿಯಾಗಿದ್ದವರು ಪುಣೆಯ ಖಾಸಗಿ ಡೇರಿಯೊಂದಕ್ಕೆ ಅರ್ಜಿ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಜೊತೆಗೆ ಕೆಲಸ ಮಾಡಿದ ಸಂಘದ ಕಾರ್ಯದರ್ಶಿ ಶಿಫಾರಸು ಪತ್ರ ಕೊಡಬೇಕು. ಅವರು ಬರೆಯುವುದು ಕನ್ನಡದಲ್ಲಿ, ಡೇರಿಯವರು ಓದುವುದು ಇಂಗ್ಲಿಷಿನಲ್ಲಿ.

‘ಇವರು ಅತ್ಯಂತ ಪ್ರಾಮಾಣಿಕರು, ಕಾರ್ಯದಕ್ಷರು, ಸದಾ ಹಸನ್ಮುಖಿ. ಇವರ ಭವಿಷ್ಯ ಉಜ್ವಲವಾಗಲಿ’ ಎಂದೇ ಇಂಥ ಪತ್ರ ಶುರುವಾಗುತ್ತದೆ, ಅಲ್ಲೇ ಮುಗಿಯುತ್ತದೆ. ಬೀಳ್ಕೊಡುಗೆಯ ಮಾನಪತ್ರಕ್ಕೆ ಅದು ಸಾಕು. ಆದರೆ ಕೆಲಸ ಕೊಡುವವರಿಗೆ ಅದರಿಂದ ಏನೂ ತಿಳಿಯದು. ಇಂಗ್ಲಿಷಿಗೆ ಹೋದರಂತೂ ಇನ್ನಷ್ಟು ಪೊಳ್ಳಾಗಿ ಕೇಳಿಸುತ್ತದೆ.

ನಂಬಿಕೆ ಹುಟ್ಟಿಸುವುದು ನಡೆದ ಕೆಲಸದ ವಿವರ. ಕಾರ್ಯದರ್ಶಿ ಹೀಗೆ ಬರೆಯಲಿ: ‘2018ರ ಜೂನ್‌ನಿಂದ 2023ರ ಮಾರ್ಚ್‌ವರೆಗೆ ಇವರು ನಮ್ಮಲ್ಲಿ ಹಾಲು ಪರೀಕ್ಷಕಿ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಪ್ರತಿ ಸದಸ್ಯರ ಹಾಲಿನ ಕೊಬ್ಬಿನಂಶ ಪರೀಕ್ಷಿಸುತ್ತಿದ್ದರು. ಒಮ್ಮೆ ಯಂತ್ರ ಕಡಿಮೆ ಕೊಬ್ಬು ತೋರಿಸುತ್ತಿದೆ ಎಂದು ರೈತರು ತಕರಾರು ತೆಗೆದಾಗ, ಅದೇ ಹಾಲನ್ನು ಆಮ್ಲ ಹಾಕಿ ಗರ್ಬರ್ ವಿಧಾನದಲ್ಲಿ ಮತ್ತೆ ಪರೀಕ್ಷಿಸಿ, ತಪ್ಪು ಯಂತ್ರದ್ದೇ ಎಂದು ತೋರಿಸಿಕೊಟ್ಟರು. ಕಂಪ್ಯೂಟರ್ ಲೆಕ್ಕದಲ್ಲಿ ಅನುಭವ ಕಡಿಮೆ.’ ಕೊನೆಯ ಸಾಲು ಬೇಡವೆನ್ನಿಸಬಹುದು. ನನ್ನ ಮಟ್ಟಿಗೆ, ಉಳಿದ ಸಾಲುಗಳನ್ನು ನಂಬಿಸುವುದೇ ಅದು. ಆದರೆ ಬರೆಯುವ ಮೊದಲು ಆಕೆಯನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಅನುವಾದದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಹುದ್ದೆಯ ವಿಷಯದಲ್ಲಿ. ಪರೀಕ್ಷಕಿ ‘ಕ್ವಾಲಿಟಿ ಮ್ಯಾನೇಜರ್’ ಆಗಿಬಿಡುತ್ತಾರೆ. ‘ಪರೀಕ್ಷೆಯ ಕೆಲಸ ನೋಡಿಕೊಳ್ಳುತ್ತಿದ್ದರು’ ಎಂದರೆ ತಾವೇ ಮಾಡುತ್ತಿದ್ದರೋ, ಮಾಡಿಸುತ್ತಿದ್ದರೋ ಅನುವಾದಕನಿಗೆ ತಿಳಿಯದು; ‘ಮ್ಯಾನೇಜ್ಡ್’ ಎಂದು ಬರೆದುಬಿಡುತ್ತಾನೆ. ಸಂದರ್ಶನದಲ್ಲಿ ‘ನಿಮ್ಮ ಕೈಕೆಳಗೆ ಎಷ್ಟು ಜನರಿದ್ದರು?’ ಎಂಬ ಪ್ರಶ್ನೆ ಬಂದಾಗ ಪೇಚಿಗೆ ಸಿಲುಕುವುದು ಆಕೆ. ಕನ್ನಡದಲ್ಲೇ ‘ಪರೀಕ್ಷಿಸುತ್ತಿದ್ದರು’ ಎಂದು ಬರೆದರೆ ಈ ತೊಡಕೇ ಇಲ್ಲ. ‘ಅವರು’ ಎಂಬುದು ಗಂಡಿಗೂ ಹೆಣ್ಣಿಗೂ ಸಲ್ಲುವುದರಿಂದ, ಬರೀ ಹೆಸರು ನೋಡಿ ‘ಹೀ’ ಎಂದು ಬರೆದವರೂ ಇದ್ದಾರೆ. ಪತ್ರ ವಿದೇಶಕ್ಕೆ ಹೋಗುವುದಾದರೆ ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು. 5-6-2018 ನಮಗೆ ಜೂನ್ 5, ಅಮೆರಿಕದವರಿಗೆ ಮೇ 6.

ಸಹಿ ಹಾಕುವ ಮುನ್ನ ಇಂಗ್ಲಿಷ್ ಪತ್ರವನ್ನು ಅನುವಾದಕನಲ್ಲದ ಬೇರೊಬ್ಬರು, ಮೂಲ ನೋಡದೆ, ಕಾರ್ಯದರ್ಶಿಗೆ ಕನ್ನಡದಲ್ಲಿ ಓದಿ ಹೇಳಬೇಕು. ತಾವು ಬರೆಯದ ಹೊಗಳಿಕೆ ಕಿವಿಗೆ ಬಿದ್ದರೆ ಅಲ್ಲೇ ಹೊಡೆದುಹಾಕಬಹುದು. ಡೇರಿಯವರು ಫೋನ್ ಮಾಡಿ ವಿಚಾರಿಸುವುದೂ ಉಂಟು, ಆಗ ಉತ್ತರಿಸಬೇಕಾದವರು ಕಾರ್ಯದರ್ಶಿಯೇ. ಸಹಿ ಮಾಡಿದ ಕನ್ನಡ ಮೂಲವನ್ನೂ, ಅನುವಾದಕನ ಹೆಸರು, ಸಹಿಯಿರುವ ಇಂಗ್ಲಿಷ್ ಪ್ರತಿಯನ್ನೂ ಒಟ್ಟಿಗೇ ಲಗತ್ತಿಸಿ ಕಳುಹಿಸಬೇಕು.